ಕೀವು ಒಣಗಿದ ಮೇಲೂ ಉಳಿದ ರೋಗ

ಫ್ರೆಂಚ್ ಭಾಷೆಯಲ್ಲಿ ಒಂದು ಮಾತಿದೆ. ಹರೆಯದ ಹುಡುಗನೊಬ್ಬ ಒಂದಷ್ಟು ವರ್ಷ ಮನಸ್ಸಿಗೆ ಬಂದಂತೆ ಮೆರೆದು, ಮಾಡಬಾರದ್ದೆಲ್ಲ ಮಾಡಿ, ಆಮೇಲೆ ತೆಪ್ಪಗೆ ಒಂದು ದಾರಿಗೆ ಬಂದರೆ ‘ಅವನು ತನ್ನ ಗೂರ್ಮ್ ಹೊರಗೆ ಹಾಕಿದ’ ಅನ್ನುತ್ತಾರೆ. ಈ ಗೂರ್ಮ್ ಅನ್ನೋದು ಬೇರೇನೂ ಅಲ್ಲ, ಕುದುರೆಮರಿಗಳಿಗೆ ಬರುವ ಒಂದು ಕಾಯಿಲೆ. ಗಂಟಲ ಹತ್ತಿರ ಗಡ್ಡೆ ಏಳುತ್ತದೆ, ಒಡೆಯುತ್ತದೆ, ಮೂಗಿನಿಂದ ಗಟ್ಟಿ ಕೀವು ಸುರಿಯುತ್ತದೆ. ಕೆಲವು ವಾರ ಕಳೆದರೆ ಬಹಳಷ್ಟು ಕುದುರೆಗಳು ಚೇತರಿಸಿಕೊಳ್ಳುತ್ತವೆ. ಜರ್ಮನರು ಇದನ್ನು ಡ್ರೂಸ ಅಂತ ಕರೆದರು. ಇಂಗ್ಲಿಷರು ಇಟ್ಟ ಹೆಸರು ಸ್ಟ್ರಾಂಗಲ್ಸ್, ಅಂದರೆ ಕತ್ತು ಹಿಸುಕಿದ ಹಾಗೆ ಉಸಿರು ಕಟ್ಟಿಸುವ ರೋಗ. ನಾನೂ ಇಲ್ಲಿ ಆ ಹೆಸರನ್ನೇ ಬಳಸುತ್ತೇನೆ.

ಆ ಫ್ರೆಂಚ್ ಮಾತಿನ ಒಳಗೆ ಒಂದು ಹಳೆಯ ನಂಬಿಕೆ ಕೂತಿದೆ. ಮರಿಯ ಮೈಯಲ್ಲಿ ಏನೋ ಕೆಟ್ಟ ರಸ ಇರುತ್ತದೆ, ಅದು ಒಂದಲ್ಲ ಒಂದು ದಿನ ಹೊರಗೆ ಬರಲೇಬೇಕು, ಬಂದು ಹೋದರೆ ಕುದುರೆ ಶುದ್ಧವಾಯಿತು ಅನ್ನೋ ನಂಬಿಕೆ. ಕೀವು ಕಾಣಿಸಿದರೆ ರೋಗ ಇದೆ, ಕೀವು ನಿಂತರೆ ರೋಗ ಹೋಯಿತು. ಶತಮಾನಗಟ್ಟಲೆ ಲಾಯಗಳು ನಡೆದದ್ದು ಈ ಲೆಕ್ಕದ ಮೇಲೆಯೇ. ಈ ಲೆಕ್ಕದ ಮೊದಲ ಅರ್ಧ ಸರಿ, ಎರಡನೇ ಅರ್ಧ ತಪ್ಪು. ಆ ತಪ್ಪು ಎಲ್ಲಿತ್ತು, ಅದು ಗೊತ್ತಾಗೋಕೆ ಯಾಕೆ ಇಷ್ಟು ಕಾಲ ಹಿಡಿಯಿತು ಅನ್ನೋದೇ ಈ ಬರಹದ ಕಥೆ.

ಕಥೆ ಶುರುವಾಗುವುದು ಇಟಲಿಯ ದಕ್ಷಿಣದಲ್ಲಿ. ಚಕ್ರವರ್ತಿ ಎರಡನೇ ಫ್ರೆಡರಿಕ್ 1250ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಅವನ ಆಸ್ಥಾನದಲ್ಲಿ ಕುದುರೆಗಳ ಉಸ್ತುವಾರಿ ಬಲ್ಲ ಜೋರ್ದಾನೋ ರೂಫೋ ಅಂತ ಒಬ್ಬನಿದ್ದ, ಕಲಾಬ್ರಿಯಾ ಕಡೆಯವನು. ಅವನು ಅದೇ ಆಸುಪಾಸಿನಲ್ಲಿ ಕುದುರೆ ವೈದ್ಯದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದ. ಗಂಟಲಲ್ಲಿ ಗಂಟುಗಳು ಊದಿ ಉಸಿರಿಗೆ ಅಡ್ಡ ಬರುವ ಈ ಕಾಯಿಲೆಯ ವಿವರ ಅದರಲ್ಲಿದೆ. ಸ್ಟ್ರಾಂಗಲ್ಸ್‌ನ ಚರಿತ್ರೆ ಬರೆಯುವವರೆಲ್ಲ ಸಾಮಾನ್ಯವಾಗಿ ಅವನಿಂದಲೇ ಶುರು ಮಾಡುತ್ತಾರೆ. ರೂಫೋ ನೋಡಿದ ಕುದುರೆಯನ್ನು ಇವತ್ತಿನ ಡಾಕ್ಟರ್ ನೋಡಿದರೂ ಗುರುತು ಹಿಡಿಯುತ್ತಾರೆ. ಯಾಕೆಂದರೆ ಈ ರೋಗದ ಹೊರಗಿನ ರೂಪ ಅಷ್ಟು ಸ್ಪಷ್ಟ.

ಆ ರೂಪವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ರೋಗಾಣು ಮೂಗಿನಿಂದಲೋ ಬಾಯಿಂದಲೋ ಒಳಗೆ ಹೋಗುತ್ತದೆ. ಗಂಟಲಿನ ಟಾನ್ಸಿಲ್ ಪದರಕ್ಕೆ ಅಂಟಿಕೊಂಡು, ಕೆಲವೇ ಗಂಟೆಗಳಲ್ಲಿ ಅಲ್ಲಿಂದ ಹತ್ತಿರದ ದುಗ್ಧಗ್ರಂಥಿಗಳನ್ನು ಸೇರಿಬಿಡುತ್ತದೆ. ಕುದುರೆಗೆ ಇಂಥ ಗ್ರಂಥಿಗಳ ಎರಡು ಮುಖ್ಯ ಗುಂಪು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಒಂದು ಕೆಳದವಡೆಯ ಎರಡು ಎಲುಬುಗಳ ನಡುವೆ, ನಾವು ಗಲ್ಲದ ಕೆಳಗೆ ಕೈಯಿಟ್ಟರೆ ಸಿಗುವ ಜಾಗದಲ್ಲಿದೆ. ಇನ್ನೊಂದು ಗಂಟಲಿನ ಹಿಂದೆ, ಕಿವಿಯ ಬುಡದ ಒಳಗಡೆ, ಕೈಗೆ ಸುಲಭವಾಗಿ ಸಿಗದ ಆಳದಲ್ಲಿದೆ.

ಸೋಂಕು ತಗಲಿ 3ರಿಂದ 14 ದಿನದೊಳಗೆ ಜ್ವರ ಬರುತ್ತದೆ. ಗ್ರಂಥಿಯೊಳಗೆ ರಕ್ತದ ಬಿಳಿಕಣಗಳು ದಂಡು ದಂಡಾಗಿ ಬಂದು ಸೇರುತ್ತವೆ. ಆದರೆ ಈ ರೋಗಾಣುವಿನ ಮೈಮೇಲೆ ಜಾರುವ ಲೋಳೆಯ ಹೊದಿಕೆಯಿದೆ, ಅದರ ಜೊತೆಗೆ ಬಿಳಿಕಣಗಳು ತನ್ನನ್ನು ನುಂಗದಂತೆ ತಡೆಯುವ ಪ್ರೋಟೀನೂ ಇದೆ. ಹಾಗಾಗಿ ಬಂದ ಕಣಗಳು ಅದನ್ನು ಮುಗಿಸಲಾರದೆ ತಾವೇ ಸಾಯುತ್ತವೆ, ಮತ್ತಷ್ಟು ಬರುತ್ತವೆ, ಅವೂ ಸಾಯುತ್ತವೆ. ಹೀಗೆ ಸತ್ತ ಕಣಗಳ ರಾಶಿಯೇ ಕೀವು. ಗ್ರಂಥಿ ಮೊದಲು ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ನೋಯುವಂತೆ ಊದುತ್ತದೆ. ಆಮೇಲೆ ನಡುವೆ ಮೆತ್ತಗಾಗುತ್ತದೆ. ಮೇಲಿನ ಚರ್ಮ ತೆಳುವಾಗಿ, ಕೂದಲು ಉದುರಿ, ಅಲ್ಲಿಂದ ನೀರಿನಂಥದ್ದು ಜಿನುಗುತ್ತದೆ. ನಮ್ಮ ಹಳ್ಳಿಯವರು ಕುರು ಹಣ್ಣಾಯಿತು ಅನ್ನೋದು ಇದಕ್ಕೇ. ಸೋಂಕು ತಗಲಿದ ಒಂದರಿಂದ ನಾಲ್ಕು ವಾರದೊಳಗೆ ಅದು ಒಡೆಯುತ್ತದೆ, ಕುದುರೆಗೆ ತಟ್ಟನೆ ಹಾಯೆನಿಸಿ ಮೇವಿಗೆ ಬಾಯಿ ಹಾಕುತ್ತದೆ.

ಹಳೆಯ ಕಾಲದವರಿಗೆ ಇಲ್ಲಿ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿತ್ತು. ಬಿಸಿ ಶಾಖ ಕೊಟ್ಟು ಕುರು ಹಣ್ಣಾಗಿಸುವುದು, ಹಣ್ಣಾದ ಮೇಲೆ ಅತಿ ಕೆಳಗಿನ ಮೆತ್ತನೆ ಜಾಗದಲ್ಲಿ ಕೊಯ್ದು ಕೀವು ಇಳಿಸುವುದು. ಇವತ್ತಿಗೂ ಡಾಕ್ಟರುಗಳು ಮಾಡುವುದು ಹೆಚ್ಚೂಕಡಿಮೆ ಇದನ್ನೇ, ಜೊತೆಗೆ ಅಯೋಡಿನ್ ದ್ರಾವಣದಲ್ಲಿ ಗಾಯ ತೊಳೆಯುತ್ತಾರೆ. ಹಣ್ಣಾಗುವ ಮೊದಲೇ ಕೊಯ್ದರೆ ರಕ್ತ ಬರುತ್ತದೆ, ಕೀವು ಬರುವುದಿಲ್ಲ. ಗ್ರಂಥಿ ಊದಿದ ಮೇಲೆ ಪೆನಿಸಿಲಿನ್ ಚುಚ್ಚಿದರೆ ಜ್ವರ ಇಳಿದು ಗೆದ್ದೆವು ಅನಿಸುತ್ತದೆ, ಮದ್ದು ನಿಲ್ಲಿಸಿದ ಕೂಡಲೇ ಗಡ್ಡೆ ಮತ್ತೆ ಬೆಳೆಯುತ್ತದೆ. ಹಾಗಾಗಿ ಸಾಧಾರಣ ಕುದುರೆಗೆ ಕಾಯುವುದೇ ಮದ್ದು. ಉಸಿರಾಟಕ್ಕೇ ತೊಂದರೆಯಾದರೆ ಮಾತ್ರ ಲೆಕ್ಕ ಬೇರೆ. ಕುದುರೆ ಬಾಯಿಂದ ಉಸಿರಾಡಲಾರದು, ಅದಕ್ಕಿರುವುದು ಮೂಗೊಂದೇ ದಾರಿ. ಗಂಟಲಿನ ಹಿಂದಿನ ಗಡ್ಡೆ ಆ ದಾರಿಯನ್ನು ಒತ್ತಿಬಿಟ್ಟರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ಕೊಳವೆ ಇಡಬೇಕಾಗುತ್ತದೆ. ಸ್ಟ್ರಾಂಗಲ್ಸ್ ಅನ್ನೋ ಹೆಸರು ಬಂದಿದ್ದು ಇಂಥ ಕುದುರೆಗಳಿಂದ.

ಹಳಬರ ಇನ್ನೊಂದು ಗಮನಿಕೆಯೂ ಸರಿಯಾಗಿಯೇ ಇತ್ತು. ಒಮ್ಮೆ ಬಂದ ಕುದುರೆಗೆ ಮತ್ತೆ ಬರುವುದು ಅಪರೂಪ ಅಂತ ಅವರು ಕಂಡಿದ್ದರು. ಗುಣವಾದ ನಾಲ್ಕು ಕುದುರೆಗಳಲ್ಲಿ ಸುಮಾರು ಮೂರಕ್ಕೆ ಹಲವು ವರ್ಷ ಉಳಿಯುವ ರೋಗನಿರೋಧಕ ಶಕ್ತಿ ಬರುತ್ತದೆ ಅಂತ ಈಗ ಹೇಳುತ್ತಾರೆ. ಆದ್ದರಿಂದ ಮರಿಗಳಿಗೇ ಹೆಚ್ಚು ಬರುತ್ತದೆ, ಆದ್ದರಿಂದ ಅದು ಹಲ್ಲು ಮೂಡುವ ಹಾಗೆ ವಯಸ್ಸಿನ ಒಂದು ಹಂತ ಅಂತ ಜನ ತಿಳಿದರು. ಹೇಗಿದ್ದರೂ ಬರುವುದೇ, ಬೇಗ ಬಂದು ಹೋಗಲಿ ಅನ್ನುವ ಧೋರಣೆ ಲಾಯಗಳಲ್ಲಿ ಬೇರುಬಿಟ್ಟಿತು. ಅಂಟುರೋಗ ಅಂತ ತಿಳಿದವರೂ ಇದ್ದರು, ಆದರೆ ಅಂಟುರೋಗಕ್ಕೆ ಹೆದರುವ ಹಾಗೆ ಇದಕ್ಕೆ ಹೆದರಲಿಲ್ಲ.

ಹೆದರದೇ ಇರಲು ಇನ್ನೊಂದು ಕಾರಣವೂ ಇತ್ತು. ಅದೇ ಲಾಯದಲ್ಲಿ ಇದಕ್ಕಿಂತ ದೊಡ್ಡ ಭೂತವೊಂದಿತ್ತು, ಗ್ಲಾಂಡರ್ಸ್. ಅದರಲ್ಲೂ ಮೂಗು ಸುರಿಯುತ್ತದೆ, ದವಡೆ ಕೆಳಗೆ ಗಂಟು ಕಟ್ಟುತ್ತದೆ. ಆದರೆ ಅದರಿಂದ ಕುದುರೆ ಉಳಿಯುವುದು ಕಷ್ಟ, ಮನುಷ್ಯರಿಗೂ ಅಂಟಿ ಕೊಲ್ಲುತ್ತದೆ. ಹಾಗಾಗಿ ಮೂಗು ಸುರಿಯುವ ಕುದುರೆ ಕಂಡಾಗ ಲಾಯದವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಗ್ಲಾಂಡರ್ಸೋ ಸ್ಟ್ರಾಂಗಲ್ಸೋ? ಸ್ಟ್ರಾಂಗಲ್ಸ್ ಅಂತಾದರೆ ಸದ್ಯ ಬದುಕಿದೆವು ಅಂತ ನಿಟ್ಟುಸಿರು ಬಿಡುತ್ತಿದ್ದರು. ಈ ಎರಡೂ ರೋಗದ ಗುಟ್ಟು ಒಬ್ಬನೇ ಮನುಷ್ಯನ ಕೈಗೆ ಸಿಕ್ಕಿದ್ದು ವಿಶೇಷ. ಬರ್ಲಿನ್‌ನ ಪಶುವೈದ್ಯ ಶಾಲೆಯ ವಿಲ್ಹೆಲ್ಮ್ ಶುಟ್ಸ್, ಫ್ರೆಡ್ರಿಕ್ ಲೋಫ್ಲರ್ ಜೊತೆ ಸೇರಿ 1882ರಲ್ಲಿ ಗ್ಲಾಂಡರ್ಸ್‌ನ ರೋಗಾಣುವನ್ನು ಹಿಡಿದ. ಆರು ವರ್ಷದ ಮೇಲೆ, 1888ರಲ್ಲಿ, ಸ್ಟ್ರಾಂಗಲ್ಸ್‌ಗೆ ಕಾರಣ ಸರಪಳಿಯಂತೆ ಜೋಡಿಸಿಕೊಂಡ ದುಂಡನೆಯ ಬ್ಯಾಕ್ಟೀರಿಯಾ ಅಂತ ತೋರಿಸಿದ. ಅದಕ್ಕೆ ಈಗಿರುವ ಹೆಸರು ಸ್ಟ್ರೆಪ್ಟೋಕಾಕಸ್ ಇಕ್ವೈ. ಇಕ್ವೈ ಅಂದರೆ ಕುದುರೆಯದು.

ಅಲ್ಲಿಗೆ ಕೆಟ್ಟ ರಸದ ಸಿದ್ಧಾಂತ ಬಿತ್ತು. ರೋಗ ಮೈಯೊಳಗೆ ಹುಟ್ಟುವುದಲ್ಲ, ಹೊರಗಿನಿಂದ ಬರುವುದು. ಅದು ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಬಿಟ್ಟು ಬೇರೆಲ್ಲೂ ಸರಿಯಾಗಿ ನೆಲೆ ನಿಲ್ಲುವುದಿಲ್ಲ. ಹಾಗಿದ್ದರೆ ಒಂದು ಸರಳ ಪ್ರಶ್ನೆ ಏಳಬೇಕಿತ್ತು. ಲಾಯದಲ್ಲಿ ರೋಗ ಬಂದು, ಎಲ್ಲ ಕುದುರೆಗಳಿಗೂ ವಾಸಿಯಾಗಿ, ಎಂಟು ತಿಂಗಳು ಏನೂ ಇಲ್ಲದೆ, ಹೊಸ ಮರಿಗಳು ಬಂದ ಕೂಡಲೇ ಮತ್ತೆ ಏಳುತ್ತದಲ್ಲ, ಆ ಎಂಟು ತಿಂಗಳು ರೋಗಾಣು ಎಲ್ಲಿತ್ತು?

ಮಣ್ಣಲ್ಲಿ, ಗೋಡೆಯಲ್ಲಿ, ಹಳೆ ಹುಲ್ಲಿನಲ್ಲಿ ಅಂತ ಬಹಳ ಕಾಲ ಉತ್ತರ ಕೊಟ್ಟರು. ಈ ಉತ್ತರಕ್ಕೆ ಪ್ರಯೋಗಶಾಲೆಯಿಂದ ಸ್ವಲ್ಪ ಬಲವೂ ಸಿಕ್ಕಿತು. ಕೊರೆಯುವ ಚಳಿಯಲ್ಲಿಟ್ಟ ಮರದ ತುಂಡಿನ ಮೇಲೆ ಈ ರೋಗಾಣು ಎರಡು ತಿಂಗಳು ಬದುಕಿದ್ದನ್ನು ಒಂದು ಪ್ರಯೋಗದಲ್ಲಿ ಕಂಡರು. ಆದರೆ ಹೊರಗೆ ಬಿಸಿಲು ಬೀಳುವ ಕಟ್ಟೆ, ಬೇಲಿಗಳ ಮೇಲೆ ಹಚ್ಚಿ ನೋಡಿದಾಗ ಅದು ಒಂದೆರಡು ಮೂರು ದಿನಕ್ಕೇ ಸತ್ತಿತು. ಒದ್ದೆ ಜಾಗ, ಮುಖ್ಯವಾಗಿ ನೀರಿನ ತೊಟ್ಟಿಯಲ್ಲಿ ಮಾತ್ರ ಅದಕ್ಕೆ ಹೆಚ್ಚು ದಿನ ಆಯಸ್ಸು. ಎಂಟು ತಿಂಗಳಿಗೆ ಇದು ಯಾವುದೂ ಸಾಲದು. ರೋಗಾಣು ಕುದುರೆಯ ಮೈಯಲ್ಲೇ ಇರಬೇಕು. ಎಲ್ಲಿ?

ಇಲ್ಲಿ ಕುದುರೆಯ ತಲೆಯೊಳಗಿನ ಒಂದು ವಿಚಿತ್ರ ಅಂಗದ ಪರಿಚಯ ಮಾಡಿಕೊಳ್ಳಬೇಕು. ನಮ್ಮ ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ, ಬಸ್ಸು ಘಾಟಿ ಹತ್ತುವಾಗ ಕಿವಿ ಟಪ್ ಅನ್ನುವುದು ಅದರಿಂದಲೇ. ಕುದುರೆಯಲ್ಲಿ ಈ ನಾಳದ ಗೋಡೆ ಬಲೂನಿನಂತೆ ಹೊರಗೆ ಉಬ್ಬಿ ದೊಡ್ಡ ಚೀಲವಾಗಿದೆ. ಎಡಕ್ಕೊಂದು, ಬಲಕ್ಕೊಂದು. ಒಂದೊಂದರಲ್ಲೂ 300ರಿಂದ 500 ಮಿಲಿ ಗಾಳಿ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಇದು ಗಟರಲ್ ಪೌಚ್, ನಾವು ಗಂಟಲಚೀಲ ಅನ್ನೋಣ. ಇದು ಯಾಕಿದೆ ಅನ್ನುವುದರ ಬಗ್ಗೆ ಇನ್ನೂ ಚರ್ಚೆ ನಡೆದಿದೆ. ಓಡುವಾಗ ಮಿದುಳಿಗೆ ಹೋಗುವ ರಕ್ತವನ್ನು ತಂಪು ಮಾಡುತ್ತದೆ ಅನ್ನುವುದು ಒಂದು ವಾದ. ಯಾಕೆಂದರೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಈ ಚೀಲದ ತೆಳು ಗೋಡೆಗೆ ಅಂಟಿಕೊಂಡೇ ಹೋಗುತ್ತದೆ. ನುಂಗುವ, ನಾಲಿಗೆ ಆಡಿಸುವ ನರಗಳೂ ಅಲ್ಲೇ ಇವೆ.

ಈಗ ನಮ್ಮ ರೋಗಕ್ಕೆ ಬೇಕಾದ ಸಂಗತಿ ಕೇಳಿ. ಗಂಟಲಿನ ಹಿಂದಿನ ಗ್ರಂಥಿಗಳು ಅಂದೆನಲ್ಲ, ಅವು ಇರುವುದು ಸರಿಯಾಗಿ ಈ ಚೀಲದ ನೆಲದ ಅಡಿಯಲ್ಲಿ. ದವಡೆ ಕೆಳಗಿನ ಗಡ್ಡೆ ಚರ್ಮ ಒಡೆದು ಹೊರಗೆ ಬರುತ್ತದೆ, ಎಲ್ಲರಿಗೂ ಕಾಣುತ್ತದೆ. ಆದರೆ ಹಿಂದಿನ ಗಡ್ಡೆಗೆ ಹತ್ತಿರದ ದಾರಿ ಮೇಲಕ್ಕೆ, ಚೀಲದೊಳಗೆ. ಅದು ಒಡೆದರೆ ಕೀವೆಲ್ಲ ಚೀಲದಲ್ಲಿ ತುಂಬುತ್ತದೆ. ಚೀಲದ ಬಾಗಿಲು ಇರುವುದು ಮುಂದುಗಡೆ ಮೇಲೆ, ಗಂಟಲಿನ ಗೋಡೆಯಲ್ಲಿ ಒಂದು ಸೀಳಿನಂತೆ. ಕೊಡವನ್ನು ನೆಟ್ಟಗೆ ನಿಲ್ಲಿಸಿದರೆ ಬುಡದ ನೀರು ಹೊರಗೆ ಬರುತ್ತದೆಯೇ? ಕುದುರೆ ತಲೆಯೆತ್ತಿ ನಿಂತಿದ್ದಷ್ಟು ಹೊತ್ತೂ ಇಲ್ಲಿಯ ಪಾಡು ಅದೇ. ತಲೆ ನೆಲಕ್ಕೆ ಬಗ್ಗಿಸಿ ಮೇಯುವಾಗ ಮಾತ್ರ ಕೀವು ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಈ ಕಾಯಿಲೆಯ ಕುದುರೆಗೆ ಮೇವನ್ನು ಎತ್ತರದ ಬಲೆಯಲ್ಲಿ ನೇತುಹಾಕದೆ ನೆಲದ ಮೇಲೆ ಹಾಕಿ ಅನ್ನುವುದು ಅದಕ್ಕೇ.

ಬಹಳಷ್ಟು ಕುದುರೆಗಳಲ್ಲಿ ಕೆಲವು ವಾರಗಳಲ್ಲಿ ಚೀಲ ತಾನೇ ಖಾಲಿಯಾಗಿಬಿಡುತ್ತದೆ. ಆದರೆ ಸುಮಾರು ಹತ್ತಕ್ಕೊಂದು ಕುದುರೆಯಲ್ಲಿ ಆಗುವುದಿಲ್ಲ. ಉಳಿದ ಕೀವು ನಿಧಾನಕ್ಕೆ ನೀರು ಕಳೆದುಕೊಂಡು ಗಿಣ್ಣಿನಂತಾಗುತ್ತದೆ, ಆಮೇಲೆ ಉರುಳಿ ಉರುಳಿ ನಯವಾದ ಬೆಣಚುಕಲ್ಲಿನ ಹಾಗೆ ಗಟ್ಟಿ ಉಂಡೆಗಳಾಗುತ್ತದೆ. ಕಾಂಡ್ರಾಯ್ಡ್ ಅಂತ ಅವಕ್ಕೆ ಹೆಸರು. ಒಂದೆರಡು ಇರಬಹುದು, ಹತ್ತಾರು ಇರಬಹುದು. ಆ ಉಂಡೆಗಳ ಒಳಗೆ ರೋಗಾಣು ಜೀವಂತ ಇರುತ್ತದೆ. ಕುದುರೆಗೆ ಜ್ವರ ಇಲ್ಲ, ಗಡ್ಡೆ ಇಲ್ಲ, ಕೆಮ್ಮೂ ಇಲ್ಲದಿರಬಹುದು. ಮೇಯುತ್ತದೆ, ಓಡುತ್ತದೆ, ಮೈ ಮಿರಿಮಿರಿ ಮಿಂಚುತ್ತದೆ. ಆಗೊಮ್ಮೆ ಈಗೊಮ್ಮೆ ಚೀಲದಿಂದ ಒಂದಿಷ್ಟು ರೋಗಾಣು ಮೂಗಿಗೆ ಇಳಿದು ನೀರಿನ ತೊಟ್ಟಿಗೆ ಸೇರುತ್ತದೆ. ಹೀಗೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ.

ಹಾಗಂತ ಈ ಚೀಲ ಹಿಂದಿನವರಿಗೆ ಗೊತ್ತಿರಲಿಲ್ಲ ಅಂತಲ್ಲ. ಕೋಪನ್‌ಹೇಗನ್‌ನ ಪಶುವೈದ್ಯ ಶಾಲೆಯಲ್ಲಿದ್ದ ಎರಿಕ್ ವಿಬೋರ್ಗ್, ಹತ್ತೊಂಬತ್ತನೇ ಶತಮಾನದ ಶುರುವಿನ ಹೊತ್ತಿಗೆ, ಚೀಲದಲ್ಲಿ ತುಂಬಿದ ಕೀವನ್ನು ಹೊರಗಿನಿಂದ ಕೊಯ್ದು ಇಳಿಸಲು ಒಂದು ಸುರಕ್ಷಿತ ಜಾಗ ಗುರುತಿಸಿದ. ದವಡೆಯ ಹಿಂದಿನ ಅಂಚು, ಕತ್ತಿನ ಒಂದು ಸ್ನಾಯುವಿನ ತುದಿ, ಒಂದು ರಕ್ತನಾಳ, ಈ ಮೂರರ ನಡುವಿನ ತ್ರಿಕೋನ ಅದು. ವಿಬೋರ್ಗನ ತ್ರಿಕೋನ ಅಂತಲೇ ಇವತ್ತಿಗೂ ವಿದ್ಯಾರ್ಥಿಗಳು ಕಲಿಯುತ್ತಾರೆ. ಆದರೆ ಯಾವ ಕುದುರೆಗೆ ಚಾಕು ಹಿಡಿಯುತ್ತಿದ್ದರು? ಕತ್ತಿನ ಮೇಲ್ಭಾಗ ಎದ್ದು ಕಾಣುವಂತೆ ಉಬ್ಬಿದ, ಮೂಗು ಸುರಿಸುತ್ತ ನುಂಗಲಾರದೆ ನಿಂತ ಕುದುರೆಗೆ. ಸುಮ್ಮನೆ ಆರೋಗ್ಯವಾಗಿ ಮೇಯುತ್ತಿರುವ ಕುದುರೆಯ ಚೀಲವನ್ನು ಒಳಗೆ ಹೊಕ್ಕು ನೋಡುವ ಸಾಧನವೂ ಇರಲಿಲ್ಲ, ನೋಡಬೇಕು ಅನಿಸುವ ಕಾರಣವೂ ಇರಲಿಲ್ಲ.

ಸಾಧನ ಬಂದದ್ದು ಇಪ್ಪತ್ತನೇ ಶತಮಾನದ ಕೊನೆಯ ಭಾಗದಲ್ಲಿ. ಬಳುಕುವ ಕೊಳವೆಯ ಎಂಡೋಸ್ಕೋಪ್ ಮೊದಲು ಮನುಷ್ಯರ ಹೊಟ್ಟೆಗೆ ಇಳಿಯಿತು, ಆಮೇಲೆ ಕುದುರೆಯ ಮೂಗಿಗೆ. ಮಂಪರು ಮದ್ದು ಕೊಟ್ಟು ನಿಂತಿರುವ ಕುದುರೆಯ ಮೂಗಿನಲ್ಲೇ ಕೊಳವೆ ತೂರಿಸಿ, ಚೀಲದ ಬಾಗಿಲು ತೆರೆದು ಒಳಗೆ ನೋಡಬಹುದು ಅಂತಾಯಿತು. ಜೊತೆಗೆ 1990ರ ದಶಕದಲ್ಲಿ ಪಿಸಿಆರ್ ಬಂತು. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಚುಚ್ಚಿಸಿಕೊಂಡ ಪರೀಕ್ಷೆಯ ತರಹದ್ದೇ. ರೋಗಾಣುವಿನ ಡಿಎನ್ಎ ತುಣುಕು ಇದ್ದರೂ ಹಿಡಿದು ಕೊಡುತ್ತದೆ.

ಇಂಗ್ಲೆಂಡಿನ ನ್ಯೂಮಾರ್ಕೆಟ್ ಕುದುರೆ ರೇಸಿನ ಊರು. ಅಲ್ಲಿದ್ದ ಅನಿಮಲ್ ಹೆಲ್ತ್ ಟ್ರಸ್ಟ್‌ನ ರಿಚರ್ಡ್ ನ್ಯೂಟನ್ ಮತ್ತು ಜೊತೆಗಾರರು ಈ ಎರಡೂ ಸಾಧನ ಹಿಡಿದು ಹೊರಟರು. ಅವರು 2000ದಲ್ಲಿ ಪ್ರಕಟಿಸಿದ ಕೆಲಸ ನನಗೆ ಇಡೀ ಕಥೆಯ ತಿರುವು ಅನಿಸುತ್ತದೆ. ಮೂರು ಫಾರ್ಮ್‌ಗಳಲ್ಲಿ ಸ್ಟ್ರಾಂಗಲ್ಸ್ ಬಂದು 8ರಿಂದ 15 ತಿಂಗಳಾದರೂ ಹೋಗದೆ ಕಾಡುತ್ತಿತ್ತು. ಇವರು ಕಾಯಿಲೆ ಕುದುರೆಗಳನ್ನು ಮಾತ್ರ ನೋಡದೆ, ಗುಣವಾದವನ್ನೂ ಏನೂ ಆಗದವನ್ನೂ ಸೇರಿಸಿ, ಮೂಗಿನ ಹಿಂಭಾಗದ ಮಾದರಿಯನ್ನು ಮತ್ತೆ ಮತ್ತೆ ತೆಗೆದು ಪರೀಕ್ಷಿಸಿದರು. ಆರೋಗ್ಯವಾಗಿ ಕಾಣುತ್ತಲೇ ರೋಗಾಣು ಹೊತ್ತಿದ್ದ ಕುದುರೆಗಳು ಸಿಕ್ಕವು. ಅವುಗಳ ಒಳಗೆ ಹುಡುಕಿದಾಗ ರೋಗಾಣುವಿನ ಮುಖ್ಯ ಬಿಡಾರ ಗಂಟಲಚೀಲವೇ ಆಗಿತ್ತು. ಕೆಲವು ಕುದುರೆಗಳು ಎಂಟು ತಿಂಗಳವರೆಗೂ ಅದನ್ನು ಹೊತ್ತು ತಿರುಗಿದ್ದವು, ಚಿಕಿತ್ಸೆ ಕೊಡುವವರೆಗೂ ಅದು ತಾನಾಗಿ ಹೋಗಲಿಲ್ಲ. ಇಂಥ ಕುದುರೆಗಳನ್ನು ಆರಿಸಿ ಬೇರೆ ಕಟ್ಟಿ, ಚೀಲಕ್ಕೆ ಚಿಕಿತ್ಸೆ ಕೊಟ್ಟ ಮೇಲೆ ಫಾರ್ಮ್‌ಗಳು ರೋಗದಿಂದ ಬಿಡುಗಡೆಯಾದವು. ಗೋಡೆಗೆ ಸುಣ್ಣ ಬಳಿದು ಸಾಯದೆ ಇದ್ದದ್ದು ಚೀಲ ತೊಳೆದಾಗ ಸತ್ತಿತು.

ಈ ತಿಳಿವಳಿಕೆ ಬಂದಮೇಲೆ ಲಾಯವನ್ನು ಬೇರ್ಪಡಿಸುವ ಕ್ರಮವೇ ಬದಲಾಯಿತು. ಹೇಗೆ ಅಂತ ನೋಡಲು ಇಪ್ಪತ್ತು ಕುದುರೆಯ ಒಂದು ಲಾಯ ಊಹಿಸಿಕೊಳ್ಳೋಣ.

ಒಂದನೇ ತಾರೀಕು ಹೊರಗಿನಿಂದ ಒಂದು ಹೆಣ್ಣುಕುದುರೆ ಬರುತ್ತದೆ. ನೋಡೋಕೆ ಲಕ್ಷಣವಾಗಿದೆ. ಎಲ್ಲರ ಜೊತೆ ಅದೇ ತೊಟ್ಟಿಯ ನೀರು ಕುಡಿಯುತ್ತದೆ. ಎಂಟನೇ ತಾರೀಕು ಎರಡು ವರ್ಷದ ಒಂದು ಕುದುರೆ ಹುರುಳಿ ಬಿಟ್ಟು ಮಂಕಾಗಿ ನಿಲ್ಲುತ್ತದೆ. ಸೈಸ್ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 39.6 ಡಿಗ್ರಿ. ಕುದುರೆಗೆ 38.5ರವರೆಗೆ ಸಹಜ. ಗಡ್ಡೆ ಇನ್ನೂ ಇಲ್ಲ, ಮೂಗೂ ಒಣಗಿದೆ.

ಹಿಂದಿನ ಪದ್ಧತಿಯಾಗಿದ್ದರೆ ಗಡ್ಡೆ ಬರಲಿ, ನೋಡೋಣ ಅನ್ನುತ್ತಿದ್ದರು. ಅಲ್ಲೇ ಸೋಲು. ಈ ರೋಗದಲ್ಲಿ ಜ್ವರ ಬಂದು ಎರಡು ಮೂರು ದಿನವಾದ ಮೇಲೆ ಕುದುರೆ ಮೂಗಿನಿಂದ ರೋಗಾಣು ಚೆಲ್ಲಲು ಶುರು ಮಾಡುತ್ತದೆ. ಅಂದರೆ ಥರ್ಮಾಮೀಟರ್ ನಮಗೆ ಎರಡು ದಿನದ ಮುಂಗಡ ಕೊಡುತ್ತದೆ. ಅವತ್ತೇ ಆ ಕುದುರೆಯನ್ನು ದೂರದ ಕಟ್ಟೆಗೆ ಸಾಗಿಸಿದರೆ ಅಕ್ಕಪಕ್ಕದವು ಉಳಿಯುತ್ತವೆ. ಗಡ್ಡೆಗೆ ಕಾದರೆ ಮುಂಗಡ ಹೋಯಿತು. ಅದಕ್ಕೇ ಮೊದಲ ಅನುಮಾನದ ದಿನದಿಂದ ಇಪ್ಪತ್ತೂ ಕುದುರೆಗಳ ಜ್ವರವನ್ನು ದಿನಕ್ಕೆರಡು ಸಲ ನೋಡಿ ಬರೆದಿಡಬೇಕು.

ಆಮೇಲೆ ಕುದುರೆಗಳನ್ನು ಟ್ರಾಫಿಕ್ ದೀಪದಂತೆ ಮೂರು ಗುಂಪು ಮಾಡುತ್ತಾರೆ. ಜ್ವರ ಅಥವಾ ಗಡ್ಡೆ ಇರುವವು ಕೆಂಪು. ಅವುಗಳ ಜೊತೆ ನೀರು, ಮೇವು ಹಂಚಿಕೊಂಡಿದ್ದು ಸದ್ಯ ಚೆನ್ನಾಗಿರುವವು ಹಳದಿ. ಹತ್ತಿರವೇ ಸುಳಿಯದವು ಹಸಿರು. ಒಂದೊಂದು ಗುಂಪಿಗೂ ಅದರದೇ ಬಕೆಟ್ಟು, ಪೊರಕೆ, ಉಜ್ಜುವ ಬ್ರಷ್ಷು, ಲಗಾಮು. ಬಣ್ಣ ಬಳಿದಿಟ್ಟರೆ ಅದಲುಬದಲಾಗುವುದಿಲ್ಲ. ಸಾಧ್ಯವಿದ್ದರೆ ಬೇರೆ ಬೇರೆ ಸೈಸ್‌ಗಳು. ಆಗದಿದ್ದರೆ ಒಬ್ಬನೇ ಬೆಳಿಗ್ಗೆ ಹಸಿರಿನಿಂದ ಶುರುಮಾಡಿ, ಹಳದಿ ಮುಗಿಸಿ, ಕೆಂಪಿಗೆ ಕೊನೆಯಲ್ಲಿ ಹೋಗಬೇಕು. ಹಿಂದಕ್ಕೆ ಬರುವುದಾದರೆ ಕೈ ತೊಳೆದು, ಬಟ್ಟೆ ಬೂಟು ಬದಲಿಸಿಯೇ ಬರಬೇಕು. ಈ ರೋಗ ಗಾಳಿಯಲ್ಲಿ ಬಹುದೂರ ಹಾರುವಂಥದ್ದಲ್ಲ. ಅದು ಹೋಗುವುದು ಮೂಗಿನಿಂದ ಮೂಗಿಗೆ, ಇಲ್ಲವೇ ನಮ್ಮ ಕೈ, ಬಕೆಟ್ಟು, ತೊಟ್ಟಿಗಳ ಸವಾರಿ ಮಾಡಿಕೊಂಡು. ಹೀಗಾಗಿ ತಡೆಯುವುದು ನಿಜಕ್ಕೂ ಸಾಧ್ಯ. ಲಾಯದ ಗೇಟು ಮುಚ್ಚಿರಬೇಕು, ಒಂದು ಕುದುರೆಯೂ ಒಳಗೆ ಬರಬಾರದು, ಹೊರಗೆ ಹೋಗಬಾರದು.

ನಮ್ಮ ಲಾಯದಲ್ಲಿ ಮುಂದಿನ ಮೂರು ವಾರದಲ್ಲಿ ಐದು ಕುದುರೆ ಮಲಗಿದವು ಅಂದುಕೊಳ್ಳಿ. ಎಲ್ಲಕ್ಕೂ ಗಡ್ಡೆ ಒಡೆಯಿತು, ಗಾಯ ಮಾಗಿತು. ಹೊಸದಾಗಿ ಯಾವುದಕ್ಕೂ ಜ್ವರವಿಲ್ಲ. ರೂಫೋನ ಕಾಲದಿಂದ ಇಲ್ಲಿಯವರೆಗೆ ಗೇಟು ತೆರೆಯುತ್ತಿದ್ದುದು ಈ ದಿನವೇ. ಈಗ ತೆರೆಯುವುದಿಲ್ಲ. ಕೊನೆಯ ಕುದುರೆ ಗುಣವಾದ ಮೇಲೆ ಕನಿಷ್ಠ ಮೂರು ವಾರ ಕಾಯುತ್ತಾರೆ. ಚೀಲ ತಾನಾಗಿ ಖಾಲಿಯಾಗಲು ಕೊಡುವ ವಾಯಿದೆ ಅದು. ಆಮೇಲೆ ಪರೀಕ್ಷೆ. ಎಂಡೋಸ್ಕೋಪ್ ಇದ್ದರೆ ಎರಡೂ ಚೀಲದೊಳಗೆ ನೋಡಿ, ಉಪ್ಪುನೀರು ಬಿಟ್ಟು ತೊಳೆದ ನೀರನ್ನು ಪಿಸಿಆರ್‌ಗೆ ಕಳಿಸುತ್ತಾರೆ. ಇಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಸಲ ಮೂಗಿನ ಹಿಂಭಾಗದ ಮಾದರಿ. ಒಂದೇ ಸಲ ಯಾಕೆ ಸಾಲದು ಅಂದರೆ, ಚೀಲದಿಂದ ರೋಗಾಣು ದಿನಾ ಇಳಿಯುವುದಿಲ್ಲ. ಇಳಿಯದ ದಿನ ತೆಗೆದ ಮಾದರಿ ಸುಳ್ಳು ಸಮಾಧಾನ ಕೊಡುತ್ತದೆ. ಮೂರೂ ಸಲ ಏನೂ ಸಿಗದಿದ್ದರೂ ಚೀಲದೊಳಗೆ ನೋಡಿದಷ್ಟು ಗಟ್ಟಿ ಭರವಸೆ ಅದಲ್ಲ.

ಮುಖ್ಯವಾಗಿ, ಪರೀಕ್ಷೆ ಮಲಗಿದ ಐದಕ್ಕೆ ಮಾತ್ರ ಅಲ್ಲ, ಇಪ್ಪತ್ತಕ್ಕೂ. ಆ ಐದರಲ್ಲಿ ಒಂದರ ಚೀಲದಲ್ಲಿ ಕೀವು ಉಳಿದಿರುವುದು ಕಾಣುತ್ತದೆ. ಮತ್ತೆ ಒಂದು ದಿನವೂ ಜ್ವರ ಬಾರದ ಆ ಒಂದನೇ ತಾರೀಕಿನ ಹೆಣ್ಣುಕುದುರೆಯ ಬಲಚೀಲದಲ್ಲಿ ಉಂಡೆಗಳು ಸಿಗುತ್ತವೆ. ಕಾಯಿಲೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅದು ಎಂದೋ, ಇನ್ನೆಲ್ಲೋ ತನ್ನ ಗೂರ್ಮ್ ಹೊರಹಾಕಿ ಮುಗಿಸಿತ್ತು, ಆದರೆ ಪೂರ್ತಿ ಅಲ್ಲ.

ಇಂಥ ಕುದುರೆಯನ್ನು ಏನು ಮಾಡಬೇಕು? ಕೊಲ್ಲಬೇಕಿಲ್ಲ, ಕದ್ದು ಮಾರಲೂಬಾರದು. ಕೀವು ತೆಳುವಾಗಿದ್ದರೆ ತಲೆ ಕೆಳಗೆ ಬಗ್ಗಿಸಿಟ್ಟು ಚೀಲವನ್ನು ದಿನಬಿಟ್ಟು ದಿನ ತೊಳೆಯುತ್ತಾರೆ. ಉಂಡೆಗಳಿದ್ದರೆ ಎಂಡೋಸ್ಕೋಪ್ ಮೂಲಕ ಸಣ್ಣ ತಂತಿಬುಟ್ಟಿ ಇಳಿಸಿ ಒಂದೊಂದಾಗಿ ಹೊರತೆಗೆಯುತ್ತಾರೆ. ಕೊನೆಗೆ ಪೆನಿಸಿಲಿನ್ನನ್ನು ಜೆಲಟಿನ್‌ನಲ್ಲಿ ಕಲಸಿ ಚೀಲಕ್ಕೆ ತುಂಬುತ್ತಾರೆ. ಬರೀ ನೀರಾಗಿ ಬಿಟ್ಟರೆ ಹರಿದುಹೋಗುತ್ತದೆ, ಜೆಲಟಿನ್ ಇದ್ದರೆ ಅಂಟಿಕೊಂಡು ಕೆಲಸ ಮಾಡುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ. ಉಂಡೆಗಳನ್ನು ಬಿಟ್ಟು ಚುಚ್ಚುಮದ್ದು ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ, ಗಟ್ಟಿ ಉಂಡೆಯೊಳಗೆ ರಕ್ತನಾಳವೇ ಇಲ್ಲ, ಮದ್ದು ಹೋಗುವುದು ಹೇಗೆ?

ಕಥೆಗೆ ಇನ್ನೊಂದು ತುಣುಕು 2015ರಲ್ಲಿ ಸೇರಿತು. ಬೇರೆ ಬೇರೆ ದೇಶಗಳಿಂದ ತಂದ ಸ್ಟ್ರೆಪ್ಟೋಕಾಕಸ್ ಇಕ್ವೈ ಮಾದರಿಗಳ ಪೂರ್ತಿ ಜೀನೋಮ್ ಓದಿದ ಒಂದು ತಂಡ ಎರಡು ಸಂಗತಿ ಹೇಳಿತು. ಮೊದಲನೆಯದು, ಇವತ್ತು ಜಗತ್ತಿನಲ್ಲಿರುವ ಈ ರೋಗಾಣುವಿನ ವಂಶ ಬಹಳ ಹಳೆಯದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆ ಅಥವಾ ಇಪ್ಪತ್ತರ ಶುರುವಿನಲ್ಲಿ ಹಳೆಯ ತಳಿಗಳ ಜಾಗವನ್ನು ಒಂದು ಹೊಸ ತಳಿ ಆಕ್ರಮಿಸಿಕೊಂಡಿದೆ. ಸೇನೆಗಳು ಲಕ್ಷಗಟ್ಟಲೆ ಕುದುರೆಗಳನ್ನು ಹಡಗು, ರೈಲುಗಳಲ್ಲಿ ಖಂಡದಿಂದ ಖಂಡಕ್ಕೆ ಸಾಗಿಸಿದ ಕಾಲ ಅದು. ಬೋಯರ್ ಯುದ್ಧಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋದವು, ಆಸ್ಟ್ರೇಲಿಯಾದಿಂದ ಮದ್ರಾಸು, ಕಲ್ಕತ್ತೆಗಳಲ್ಲಿ ಬಂದಿಳಿದ ವೇಲರ್ ಕುದುರೆಗಳು, ಆಮೇಲೆ ಮೊದಲ ಮಹಾಯುದ್ಧ. ಇದೇ ಕಾರಣ ಅಂತ ಜೀನೋಮ್ ಹೇಳುವುದಿಲ್ಲ, ಆದರೆ ಕಾಲ ಹೊಂದುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯ. ಗುಣವಾದ ಮೇಲೂ ಕುದುರೆಯಲ್ಲಿ ಉಳಿದುಕೊಂಡ ರೋಗಾಣು ಅಲ್ಲಿ ಸುಮ್ಮನೆ ಕೂತಿರುವುದಿಲ್ಲ, ಆ ಜಾಗಕ್ಕೆ ತಕ್ಕಂತೆ ಬದಲಾಗುತ್ತ ಹೋಗುತ್ತದೆ. ಜ್ವರ, ಗಡ್ಡೆ ತರಿಸುವ ಆಯುಧಗಳನ್ನು ಕಳೆದುಕೊಂಡ ಮಾದರಿಗಳು ಅಲ್ಲಿ ಹೆಚ್ಚಾಗಿ ಸಿಕ್ಕವು. ಅಂದರೆ ಗಲಾಟೆ ಮಾಡದೆ ಬಾಡಿಗೆಗಿರುವುದನ್ನು ಅದು ಕಲಿತಿದೆ. ರೋಗಾಣುವಿನ ಬದುಕಿನಲ್ಲಿ ಎರಡು ಕಾಲ: ನಮಗೆ ಕಾಣುವ ಕೆಲವು ವಾರಗಳು, ಕಾಣದ ಹಲವು ತಿಂಗಳುಗಳು. ಒಂದು ಲಾಯದಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುವುದರಲ್ಲಿ ಈ ಎರಡನೇ ಕಾಲದ ಪಾತ್ರ ದೊಡ್ಡದು.

ಇಷ್ಟೆಲ್ಲ ಗೊತ್ತಾದರೂ ರೋಗ ಇವತ್ತಿಗೂ ಎಲ್ಲ ಕಡೆ ಇದೆ. ಒಂದು ಕಾರಣ ಖರ್ಚು. ಇಪ್ಪತ್ತು ಕುದುರೆಗಳ ಚೀಲ ನೋಡಲು ಹಣ ಬೇಕು, ಎರಡು ತಿಂಗಳು ಗೇಟು ಮುಚ್ಚಿದರೆ ರೇಸು, ಮಾರಾಟ, ಸವಾರಿ ಶಾಲೆಯ ಆದಾಯ ಎಲ್ಲ ನಿಲ್ಲುತ್ತದೆ. ಇನ್ನೊಂದು ಕಾರಣ ಮರ್ಯಾದೆ. ನಮ್ಮ ಲಾಯಕ್ಕೆ ಸ್ಟ್ರಾಂಗಲ್ಸ್ ಬಂದಿದೆ ಅಂತ ಹೇಳಿಕೊಳ್ಳಲು ಯಾವ ಮಾಲೀಕನಿಗೂ ಇಷ್ಟವಿಲ್ಲ. ಕೀವು ಒಣಗಿತಲ್ಲ, ಇನ್ನೇನು ಅಂತ ಅವನು ಕೇಳಿದರೆ ಅದು ಬರೀ ಆಲಸ್ಯವಲ್ಲ, ಏಳೂವರೆ ಶತಮಾನದ ಅಭ್ಯಾಸ. ಆದರೆ ಅವನು ತೆರೆದ ಗೇಟಿನಿಂದ ಹೊರಗೆ ಹೋಗುವ ಆ ಹೊಳೆಯುವ ಕುದುರೆ ಇನ್ನೊಂದು ಲಾಯಕ್ಕೆ ಒಂದನೇ ತಾರೀಕಿಗೆ ಬಂದಿಳಿಯುತ್ತದೆ. ಅಲ್ಲಿರುವವರು ಅದನ್ನು ಮೂರು ವಾರ ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರಿಟ್ಟು, ಚೀಲ ತೊಳೆಸಿ ನೋಡಿದರೆ ಸರಿ. ಇಲ್ಲದಿದ್ದರೆ ಎಂಟನೇ ತಾರೀಕಿಗೆ ಅಲ್ಲಿಯೂ ಒಂದು ಮರಿ ಹುರುಳಿ ಬಿಟ್ಟು ಮಂಕಾಗಿ ನಿಂತಿರುತ್ತದೆ.